ನಂಬರ್ ಕೈಗೆ ಸಿಗೋತನಕ ಹಾಲ್ ಬಿಡಬ್ಯಾಡ್ರಿ

ಭಾಗ 1: ನನ್ನ ಮಾತು ಇಷ್ಟೇ

ಫೋಟೋದಾಗ ಕಾಣೋ ಆ ಸಣ್ಣ ಚೀಟಿ ನೋಡ್ರಿ. ವಿಮಾನದಾಗ ಬ್ಯಾಗ್ ಹಾಕುವಾಗ ಬೋರ್ಡಿಂಗ್ ಪಾಸ್ ಹಿಂದೆ ಅಂಟಿಸಿ ಕೊಡ್ತಾರಲ್ಲ, ಅದು. ಮುಕ್ಕಾಲು ಮಂದಿ ಅದನ್ನ ಇಳಿದ ಕೂಡಲೇ ಕಸದ ಬುಟ್ಟಿಗೆ ಹಾಕ್ತಾರೆ. ಈ ಸರಣಿ ಪೂರ್ತಿ ಆ ಚೀಟಿ ಸುತ್ತ ಐತಿ.

ನಮ್ಮ ನವಲಿ, ಕನಕಗಿರಿ, ಗಂಗಾವತಿ ಕಡೆಯವರು ಈಗ ವಿಮಾನ ಹತ್ತೋದು ಹೊಸದಲ್ಲ. ಕ್ಲಾಸ್‌ಮೇಟ್ಸ್ ಒಳಗೇ ಇಬ್ಬರು ದಿಲ್ಲಿ ಕೋಚಿಂಗ್‌ಗೆ ಹೋಗಿ ಬಂದರು. ಗಲ್ಫ್‌ನಾಗ ದುಡಿಯೋ ಅಣ್ಣ, ಕಾಕಾ, ಮಾವ ಇರೋ ಮನಿಗಳು ಇದ್ದೇ ಇದಾವೆ. ಆದರೆ ಇಳಿಯೋದು ಬೆಂಗಳೂರಿನಾಗ. ಅಲ್ಲಿಂದ ಊರಿಗೆ ಒಂದು ರಾತ್ರಿಯ ದಾರಿ. ಬೆಲ್ಟ್ ಮ್ಯಾಲೆ ಬ್ಯಾಗ್ ಬರಲಿಲ್ಲ ಅಂದ್ರ ಸಿಟಿಯವರು "ನಾಳೆ ಬಂದು ನೋಡ್ತೀನಿ" ಅನ್ನಬಹುದು. ನಮಗೆ ಆ ನಾಳೆ ಇಲ್ಲ. ಹೊರಗ ಬಾಡಿಗೆ ಕಾರ್ ಕಾಯ್ತಿರ್ತದ, ಬಸ್ ಟೈಮ್ ಆಗಿರ್ತದ, ಮನಿಯವರ ಫೋನ್ ಮ್ಯಾಲೆ ಫೋನ್. ಹಂಗಾಗಿ ನಮ್ಮವರು ಖಾಲಿ ಕೈಲಿ, ಬಾಯಿಮಾತಿನ ಭರವಸೆ ಮ್ಯಾಲೆ ಹೊರಗ ಬಂದುಬಿಡ್ತಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಕಾರ್ ಹೋಗಲಿ, ಬಸ್ ಹೋಗಲಿ, ವರದಿ ಬರೆಸಿ ಅದರ ನಂಬರ್ ಕೈಗೆ ಬರೋತನಕ ಆಗಮನದ ಹಾಲ್ ಬಿಡಬಾರದು. ಆ ನಂಬರ್ ಸಿಕ್ಕಿತು ಅಂತ ಸುಮ್ಮನೂ ಕೂಡಬಾರದು, ಯಾಕಂದ್ರ ನಂಬರ್ ಬ್ಯಾರೆ, ಪರಿಹಾರದ ದೂರು ಬ್ಯಾರೆ. ಈ ಎರಡು ಮಾತು ಗೊತ್ತಿಲ್ಲದೇ ದುಡ್ಡು, ಸಾಮಾನು ಕಳಕೊಂಡವರು ನಮ್ಮ ಕಡೆ ಬಾಳ ಮಂದಿ.

ನಮ್ಮ ಮಾವನ ಕಥಿ ಹಿಡಕೊಂಡು ಒಂದೊಂದೇ ಹೆಜ್ಜೆ ಹೇಳ್ತೀನಿ. ಕಂಪನಿ ಹೆಸರು ಬರೆಯೋದಿಲ್ಲ, ಕೆಲಸಕ್ಕೂ ಬರೂದಿಲ್ಲ. ಎಲ್ಲಾ ಕಂಪನಿಯಾಗೂ ದಾರಿ ಇದೇ.

ಭಾಗ 2: ಬೆಲ್ಟ್ ನಿಂತ ಮ್ಯಾಲೆ

ಮಾವ ಗಲ್ಫ್‌ನಾಗ ಗ್ಯಾರೇಜ್ ಕೆಲಸ ಮಾಡ್ತಾರೆ. ದಾರಿಯಾಗ ಒಂದು ಕಡೆ ವಿಮಾನ ಬದಲಿಸಿ ಬೆಳಗಿನ ಜಾವ ಬೆಂಗಳೂರಿಗೆ ಇಳಿದರು. ಹಾಕಿದ್ದು ಎರಡು ಬ್ಯಾಗ್. ಒಂದು ಕರಿ ಬಟ್ಟೆಯ ಟ್ರಾಲಿ, ಇನ್ನೊಂದು ನೀಲಿ ಗಟ್ಟಿ ಪ್ಲಾಸ್ಟಿಕ್‌ದು. ನೀಲಿದು ಬಂತು, ಆದರೆ ಒಂದು ಮೂಲೆ ಸೀಳಿ, ಒಂದು ಗಾಲಿ ಇರಲಿಲ್ಲ. ಕರಿದು ಬರಲೇ ಇಲ್ಲ. ಬೆಲ್ಟ್ ನಿಂತಿತು.

ಬ್ಯಾಗ್ ಯಾಕೆ ಬರೋದಿಲ್ಲ? ಕಳ್ಳತನ ಅಂತ ಮೊದಲು ತಲೆಗೆ ಬರ್ತದ, ಆದರೆ ಬಾಳ ಸಲ ಕಾರಣ ಸಾದಾ ಇರ್ತದ. ವಿಮಾನ ಬದಲಿಸೋ ಕಡೆ ಸಮಯ ಕಡಿಮಿ ಇದ್ದು ಮನುಷ್ಯ ಓಡಿ ಹತ್ತಿರ್ತಾನ, ಬ್ಯಾಗ್ ಹತ್ತಿರೋದಿಲ್ಲ. ಇಲ್ಲಾ ಹಿಡಿಕೆಗೆ ಸುತ್ತಿದ ಟ್ಯಾಗ್ ಹರಿದು, ಇದು ಯಾವ ಊರಿಗೆ ಅಂತ ಯಂತ್ರಕ್ಕೆ ಗೊತ್ತಾಗಿರೋದಿಲ್ಲ. ಇಲ್ಲಾ ಅದೇ ಬಣ್ಣದ ಬ್ಯಾಗ್ ಇದ್ದವರು ತಮ್ಮದು ಅಂತ ಎತ್ತಿಕೊಂಡು ಹೋಗಿರ್ತಾರೆ. ಮೂರನೇದು ಇರಬಹುದು ಅನ್ನಿಸಿದರೆ ಬೆಲ್ಟ್ ಮ್ಯಾಲೆ ಯಾರದಾದರೂ ನಿಮ್ಮಂಥದ್ದೇ ಬ್ಯಾಗ್ ಉಳಿದು ತಿರುಗ್ತಿದೆಯಾ ನೋಡ್ರಿ. ಇದ್ದರೆ ಅದನ್ನ ಸಿಬ್ಬಂದಿಗೆ ತೋರಿಸ್ರಿ, ಅದರ ಟ್ಯಾಗ್‌ನಾಗ ನಿಮ್ಮ ಬ್ಯಾಗ್ ಒಯ್ದವರ ಹೆಸರು ಇರೋ ಸಾಧ್ಯತೆ ಐತಿ.

ಈಗ ಆ ಚೀಟಿ ತಗೀರಿ. ಅದರ ಮ್ಯಾಲಿರೋ 10 ಅಂಕಿಯ ಸಂಖ್ಯೆಯೇ ನಿಮ್ಮ ಬ್ಯಾಗಿನ ಗುರುತು. ಬ್ಯಾಗಿಗೆ ಸುತ್ತಿದ ಉದ್ದನೆ ಟ್ಯಾಗ್ ಮ್ಯಾಲೂ ಅದೇ ಸಂಖ್ಯೆ ಇರ್ತದ. ಬ್ಯಾಗ್ ಒಪ್ಪಿಸಿಕೊಂಡಾಗ, ವಿಮಾನಕ್ಕೆ ಏರಿಸಿದಾಗ, ಬ್ಯಾರೆ ವಿಮಾನಕ್ಕೆ ಸಾಗಿಸುವಾಗ, ನಿಮಗೆ ವಾಪಸ್ ಕೊಡುವಾಗ, ಹಿಂಗ ನಾಕು ಕಡೆ ಕಂಪನಿ ಲೆಕ್ಕ ಇಡಬೇಕು ಅಂತ ವಿಮಾನ ಕಂಪನಿಗಳ ಜಾಗತಿಕ ಒಕ್ಕೂಟವಾದ ಅಯಾಟಾ 2018ರ ಜೂನ್‌ನಿಂದ ನಿಯಮ ಮಾಡೈತಿ. ಅಂದ್ರ "ನಮಗೇನೂ ಗೊತ್ತಿಲ್ಲ" ಅಂದರೆ ಸುಮ್ಮನಾಗಬ್ಯಾಡ್ರಿ. "ಈ ಸಂಖ್ಯೆಯ ಬ್ಯಾಗ್ ಕಡೇ ಸಲ ಎಲ್ಲಿ ಸ್ಕ್ಯಾನ್ ಆಗೈತಿ?" ಅಂತ ಕೇಳ್ರಿ. ಪ್ರಶ್ನೆ ಸರಿ ಇದ್ದರೆ ಉತ್ತರಾನೂ ಬದಲಾಗ್ತದ. ಮಾವ ಕೇಳಿದಾಗ, ವಿಮಾನ ಬದಲಿಸಿದ ಊರಿನ ತನಕ ಸ್ಕ್ಯಾನ್ ಐತಿ, ಮುಂದ ಇಲ್ಲ ಅಂತ ತಿಳೀತು.

ಭಾಗ 3: ಕೌಂಟರ್, ಫಾರಂ, ಮತ್ತು "ಮನೆಗೆ ಹೋಗಿ ಸರ್"

ಬೆಲ್ಟ್ ಇರೋ ಹಾಲ್ ಒಳಗೇ ಬ್ಯಾಗೇಜ್ ಸರ್ವಿಸ್ ಅಂತ ಕೌಂಟರ್ ಇರ್ತದ. ವಿಮಾನ ನಿಲ್ದಾಣದ ಮಾಹಿತಿ ಕೌಂಟರ್ ಅಲ್ಲ, ಟಿಕೆಟ್ ಮಾಡಿಕೊಟ್ಟ ಏಜೆಂಟ್ ಅಲ್ಲ, ನಿಮ್ಮನ್ನ ಕಡೀಗೆ ಇಳಿಸಿದ ವಿಮಾನ ಕಂಪನಿಯ ಕೌಂಟರ್. ಎರಡು ಕಂಪನಿಯ ವಿಮಾನದಾಗ ಬಂದಿದ್ದರೂ ವರದಿ ತಗೋಬೇಕಾದವರು ಕಡೇ ಕಂಪನಿಯವರು. "ತಪ್ಪು ಮೊದಲಿನವರದು, ಅಲ್ಲಿ ಕೇಳ್ರಿ" ಅಂದರೆ ಒಪ್ಪಬ್ಯಾಡ್ರಿ. ಹುಬ್ಬಳ್ಳಿಯಂಥ ಸಣ್ಣ ನಿಲ್ದಾಣದಾಗ ಕೌಂಟರ್ ಬ್ಯಾರೆ ಕಾಣದಿದ್ದರೆ ಕಂಪನಿಯ ಯೂನಿಫಾರ್ಮ್ ಹಾಕಿದವರನ್ನ ಬೆಲ್ಟ್ ಹತ್ರಾನೇ ಹಿಡೀರಿ.

ಅಲ್ಲಿ ಕೇಳಬೇಕಾದ್ದು ಒಂದೇ: ಪಿಐಆರ್. ಪ್ರಾಪರ್ಟಿ ಇರ್ರೆಗ್ಯುಲಾರಿಟಿ ರಿಪೋರ್ಟ್. ಬ್ಯಾಗ್ ಬಂದಿಲ್ಲ ಅಥವಾ ಕೆಟ್ಟು ಬಂದೈತಿ ಅನ್ನೋ ವರದಿ.

ಮಾವನಿಗೆ ಸಿಕ್ಕ ಮೊದಲ ಉತ್ತರ, "ಸರ್, ಮುಂದಿನ ಫ್ಲೈಟ್‌ಗೆ ಬರುತ್ತೆ, ನೀವು ಮನೆಗೆ ಹೋಗಿ, ನಾವೇ ಫೋನ್ ಮಾಡ್ತೀವಿ." ಹೊರಗ ಗಂಗಾವತಿ ಕಾರ್ ಕಾಯಾಕತ್ತಿತ್ತು, ಜೊತಿಗೆ ಬಂದ ಮೂವರು ಅವಸರ ಮಾಡಾಕತ್ತಿದ್ರು. ಮಾವ ನನಗೆ ಫೋನ್ ಮಾಡಿ, "ತಮ್ಮಾ, ಇವ್ರು ಹೋಗು ಅಂತಾರ. ಫಾರಂ ಇಂಗ್ಲಿಷ್‌ನ್ಯಾಗ ಐತಿ. ಏನು ಮಾಡಲಿ?" ಅಂದರು. "ಮಾವ, ಕಾರ್ ಹೋಗಲಿ. ಫಾರಂ ಫೋಟೋ ಹೊಡದು ಕಳಿಸ್ರಿ, ಒಂದೊಂದೇ ಸಾಲು ಓದಿ ಹೇಳ್ತೀನಿ" ಅಂದೆ. ವಾಟ್ಸಾಪ್ ಮ್ಯಾಲೆ ಮುಕ್ಕಾಲು ತಾಸು ಹಿಡೀತು. ಕಾರಿನವರು ಕಾದರು, ಬೈಕೋಂತ ಕಾದರು.

ಯಾಕೆ ಅಲ್ಲೇ ಬರೆಸಬೇಕು? ಒಮ್ಮೆ ಹೊರಗ ಬಂದರೆ ಮತ್ತೆ ಒಳಗ ಹೋಗೋದು ಸುಲಭ ಅಲ್ಲ. ವಿದೇಶದಿಂದ ಬಂದವರಿಗಂತೂ ಅದು ಕಸ್ಟಮ್ಸ್ ಜಾಗ. ಇನ್ನೊಂದು ಇದಕ್ಕಿಂತ ದೊಡ್ಡದು. ದೂರು ಹೇಳದೆ ಬ್ಯಾಗ್ ತಗೊಂಡು ಹೋದರೆ, ಅದು ಚಲೋ ಸ್ಥಿತಿಯಾಗೇ ಕೈಸೇರಿತು ಅಂತ ಕಾನೂನು ಮೊದಲಿಗೆ ನಂಬ್ತದ. ಇಲ್ಲ ಅಂತ ಸಾಬೀತು ಮಾಡೋ ಹೊರೆ ಆಮ್ಯಾಲೆ ನಿಮ್ಮ ತಲೀ ಮ್ಯಾಲೆ.

ಭಾಗ 4: ಕರಿ ಟ್ರಾಲಿ ಅಂದ್ರ ಯಾವ ಕರಿ ಟ್ರಾಲಿ?

ಫಾರಂನಾಗ ಎಲ್ಲರೂ ಹಾದಿ ತಪ್ಪೋದು ವಿವರದ ಜಾಗದಾಗ. "ಕರಿ ಬ್ಯಾಗ್, ಬಟ್ಟೆ ಅದಾವ" ಅಂತ ಬರೆದರೆ ಅದು ಬರೆದಂಗಲ್ಲ. ಜಗತ್ತಿನಾಗ ಅರ್ಧ ಬ್ಯಾಗ್ ಕರಿಯವೇ, ಎಲ್ಲದರಾಗೂ ಬಟ್ಟೆನೇ.

ಒಳಗ ಏನು ನಡೀತದ ಗೊತ್ತಾದರೆ ಯಾಕಂತ ತಿಳೀತದ. ಬಾಳಷ್ಟು ಕಂಪನಿಗಳು WorldTracer ಅನ್ನೋ ಒಂದೇ ಜಾಗತಿಕ ವ್ಯವಸ್ಥೆಗೆ ಸೇರಿದಾವೆ. ನಿಮ್ಮ ವರದಿ ಅದರಾಗ ಒಂದು ಕಡತ. ಯಾವುದೋ ಊರಿನಾಗ ಮಾಲೀಕರಿಲ್ಲದೆ ಸಿಕ್ಕ ಬ್ಯಾಗ್ ಇನ್ನೊಂದು ಕಡತ. ಎರಡನ್ನೂ ಹೊಂದಿಸೋದು ಅದರ ಕೆಲಸ. ಟ್ಯಾಗ್ ಸಂಖ್ಯೆ ಹೊಂದಿದರೆ ಕೆಲಸ ಮುಗೀತು. ಟ್ಯಾಗ್ ಹರಿದಿದ್ದರೆ ಹೆಸರು, ಬಣ್ಣ, ಆಕಾರ, ಒಳಗಿನ ಸಾಮಾನು ಇವುಗಳ ಮ್ಯಾಲೆ ಹುಡುಕಬೇಕು. ಅದಕ್ಕೇ ಕೌಂಟರ್‌ನಾಗ ಬ್ಯಾಗಿನ ಚಿತ್ರಗಳಿರೋ ಒಂದು ಹಾಳೆ ತೋರಿಸಿ "ನಿಮ್ಮದು ಯಾವ ತರದ್ದು?" ಅಂತ ಕೇಳ್ತಾರೆ. ಬಣ್ಣಕ್ಕೆ ಎರಡಕ್ಷರ, ಆಕಾರಕ್ಕೆ ಎರಡು ಅಂಕಿ ಇರ್ತದ. ನಿದ್ದಿಗಣ್ಣಿನಾಗ ಯಾವುದೋ ಒಂದಕ್ಕೆ ಬೆರಳು ಇಡಬ್ಯಾಡ್ರಿ. ಮೊಬೈಲ್‌ನಾಗ ಬ್ಯಾಗಿನ ಫೋಟೋ ಇದ್ದರೆ ತೋರಿಸ್ರಿ.

ಸಾಮಾನಿನ ಪಟ್ಟಿಯಾಗ ಬೆಲೆಬಾಳೋದಕ್ಕಿಂತ ಬ್ಯಾರೆಯವರ ಬ್ಯಾಗಿನಾಗ ಇರಲಾರದಂಥ ಮೂರು ವಸ್ತು ಮೊದಲು ಬರೀರಿ. ಮಾವ ಮೊದಲು ಹೇಳಿದ್ದು, "ಅಂಗಿ, ಪ್ಯಾಂಟು, ಖರ್ಜೂರ." ಇನ್ನೂ ಏನೈತಿ ಅಂತ ಕೇಳಿದೆ. "ಸಣ್ಣಾಕಿದು ಗುಲಾಬಿ ಬಣ್ಣದ ಶಾಲಿ ಬ್ಯಾಗ್ ಐತಿ, ನನ್ನ ಗ್ಯಾರೇಜ್ ಯೂನಿಫಾರ್ಮ್ ಐತಿ, ಹಿಡಕಿಗೆ ಹಳದಿ ಅರಿವಿ ಕಟ್ಟೀನಿ" ಅಂದರು. ಅದನ್ನೇ ಬರೆಸಿದೆವು: ಗುಲಾಬಿ ಬಣ್ಣದ ಮಕ್ಕಳ ಶಾಲಾ ಬ್ಯಾಗ್, ಕಡುನೀಲಿ ಗ್ಯಾರೇಜ್ ಯೂನಿಫಾರ್ಮ್, 5 ಕೇಜಿ ಖರ್ಜೂರದ ಡಬ್ಬಿ, ಹೊರಗ ಹಿಡಿಕೆಗೆ ಹಳದಿ ಬಟ್ಟೆ. ಈ ನಾಕು ಒಂದೇ ಬ್ಯಾಗಿನಾಗ ಇರೋದು ಎಷ್ಟು ಕಡೆ ಸಾಧ್ಯ ಹೇಳ್ರಿ?

ಹೆಸರು ಪಾಸ್‌ಪೋರ್ಟ್‌ನಾಗ ಇರೋ ಹಂಗೇ ಇರಲಿ. ಬ್ಯಾಗ್ ಒಳಗೂ ಒಂದು ಚೀಟಿಯಾಗ ಹೆಸರು, ಫೋನ್ ನಂಬರ್ ಬರೆದು ಹಾಕೋ ರೂಢಿ ಮಾಡಿಕೊಳ್ರಿ. ಹೊರಗಿನ ಟ್ಯಾಗ್ ಹರಿದರೂ ಒಳಗಿನ ಚೀಟಿ ಹರಿಯೋದಿಲ್ಲ.

ಭಾಗ 5: ವಿಳಾಸದ ಸಾಲು

ಈ ಒಂದು ಸಾಲಿಗೆ ಬ್ಯಾರೆ ಪೋಸ್ಟ್ ಯಾಕಂದ್ರ, ಊರ ಕಡೆಯವರು ಸೋಲೋದು ಇಲ್ಲೇ.

ಬ್ಯಾಗ್ ತಡವಾಗಿ ಬಂದರೆ ಅದನ್ನ ಮನಿಗೆ ಮುಟ್ಟಿಸೋದು ಕಂಪನಿಗಳ ಸಾಮಾನ್ಯ ಪದ್ಧತಿ. ಆದರೆ ಫಾರಂನಾಗ ವಿಳಾಸ "ಬೆಂಗಳೂರು, ಸ್ನೇಹಿತರ ರೂಂ" ಅಂತ ಇದ್ದರೆ ಬ್ಯಾಗ್ ಅಲ್ಲಿಗೇ ಹೋಗ್ತದ. "ಬಂದು ತಗೋತೀನಿ" ಅನ್ನೋ ಚೌಕಕ್ಕೆ ಗುರುತು ಬಿದ್ದಿದ್ದರೆ ಎಲ್ಲಿಗೂ ಹೋಗೂದಿಲ್ಲ, ನೀವೇ ಹೋಗಬೇಕು. ನವಲಿಯಿಂದ ಬೆಂಗಳೂರಿಗೆ ಹೋಗಿ ಬರೋದು ಅಂದ್ರ ಎರಡು ರಾತ್ರಿ ಬಸ್ಸು, ಒಂದು ದಿನದ ದುಡಿಮೆ. ಬ್ಯಾಗ್ ತಪ್ಪಿಸಿದವರು ಅವರು, ಬಸ್ ಚಾರ್ಜ್ ನಮ್ಮದು. ಇದು ನ್ಯಾಯ ಅಲ್ಲ ಅನ್ನೋದು ನನ್ನ ಗಟ್ಟಿ ಮಾತು.

ಹಂಗಾಗಿ ಕಾಯಂ ವಿಳಾಸ ಪೂರ್ತಿ ಬರೆಸ್ರಿ: ಮನಿ ಗುರುತು, ನವಲಿ, ತಾಲೂಕು ಕನಕಗಿರಿ, ಜಿಲ್ಲಾ ಕೊಪ್ಪಳ, ಪಿನ್ ಕೋಡ್. ಬರೇ ನವಲಿ ಅಂದ್ರ ಬೆಂಗಳೂರಿನ ಕೊರಿಯರ್‌ನವರು ನವಲಗುಂದ ಅಂತ ಓದೋದೂ ಐತಿ. ಇಲ್ಲಿ ನಡಿಯೋ ಫೋನ್ ನಂಬರ್ ಎರಡು ಕೊಡ್ರಿ. ಗಲ್ಫ್ ಸಿಮ್ ನಂಬರ್ ಕೊಟ್ಟು ಊರಿಗೆ ಬಂದವರಿಗೆ ಫೋನ್ ಹತ್ತೂದೇ ಇಲ್ಲ.

ವಿದೇಶದಿಂದ ಬಂದವರಿಗೆ ಇನ್ನೊಂದು ಕೆಲಸ ಐತಿ. ತಡವಾಗಿ ಬರೋ ಬ್ಯಾಗೂ ಕಸ್ಟಮ್ಸ್ ದಾಟಬೇಕು. ಅದಕ್ಕಾಗಿ ಕಂಪನಿಯವರು ಪಾಸ್‌ಪೋರ್ಟ್ ನಕಲು, ಸಹಿ ಕೇಳಬಹುದು, ಬೀಗ ಹಾಕಿದ್ದರೆ ಕೀಲಿ ಅಥವಾ ಅದರ ನಂಬರ್ ಕೇಳಬಹುದು. ನಿಮಗಿರೋ ಸುಂಕ ವಿನಾಯಿತಿಯಾಗ ಇನ್ನೂ ಎಷ್ಟು ಬಳಸಿಲ್ಲ ಅನ್ನೋದಕ್ಕೆ ಕಂಪನಿಯಿಂದ ಒಂದು ಪ್ರಮಾಣಪತ್ರ ತಗೊಂಡು ಕಸ್ಟಮ್ಸ್ ಅಧಿಕಾರಿಯ ಸಹಿ ಹಾಕಿಸಿಕೊಳ್ಳಬೇಕು. ಇಲ್ಲದಿದ್ದರೆ ಆಮ್ಯಾಲೆ ಬಂದ ಬ್ಯಾಗಿಗೆ ಆ ವಿನಾಯಿತಿ ಸಿಗೋದು ಕಷ್ಟ ಆಗ್ತದ. ಹಾಲ್ ದಾಟಿದ ಮ್ಯಾಲೆ ಈ ಸಹಿಗೆ ಮತ್ತೆ ಅಲೆದಾಟ.

ಭಾಗ 6: ಒಡೆದ ಬ್ಯಾಗಿಗೆ ಬ್ಯಾರೆ ವರದಿ

ಕರಿದು ಬಂದಿಲ್ಲ ಅನ್ನೋ ಚಿಂತಿಯಾಗ ನೀಲಿ ಬ್ಯಾಗಿನ ಸೀಳು ಮರೆತೇಹೋಗ್ತದ. ಬಾರದ ಬ್ಯಾಗಿಗೆ ಒಂದು ವರದಿ, ಒಡೆದ ಬ್ಯಾಗಿಗೆ ಇನ್ನೊಂದು. ನಂಬರ್ ಸಹ ಎರಡು. ಒಂದರಾಗ ಎರಡೂ ಬರೀತೀವಿ ಅಂದರೆ ಬ್ಯಾಡ ಅನ್ರಿ.

ಬ್ಯಾಗನ್ನ ಬೆಲ್ಟ್ ಹತ್ರಾನೇ ನಿಲ್ಲಿಸಿ, ಟ್ಯಾಗ್ ಕಾಣೋ ಹಂಗ ಫೋಟೋ ತಗೀರಿ. ಹಿಂದೆ ಬೆಲ್ಟ್ ಕಂಡರೆ ಇನ್ನೂ ಚಲೋ, ಒಡೆದದ್ದು ಮನಿಯಾಗ ಅಂತ ಯಾರೂ ಹೇಳಾಂಗಿಲ್ಲ. ಟ್ಯಾಗ್ ಹರಿದು ಒಗಿಬ್ಯಾಡ್ರಿ. ಸೀಳು ದೊಡ್ಡದಿದ್ದರೆ ಅಲ್ಲೇ ತೂಕ ಹಾಕಿಸ್ರಿ. ಹಾಕಿದಾಗಿನ ತೂಕ ಚೀಟಿಯಾಗ ಇರ್ತದ, ಈಗಿನ ತೂಕ ಕಡಿಮಿ ಬಂದರೆ ಸಾಮಾನು ಹೋಗೈತಿ ಅನ್ನೋದಕ್ಕೆ ಅದೇ ಸಾಕ್ಷಿ. ಮಾವಂದು ಹಾಕಿದಾಗ 22 ಕೇಜಿ, ಇಳಿದಾಗಲೂ 22. ಅಂದ್ರ ಸಾಮಾನು ಹೋಗಿಲ್ಲ, ಬ್ಯಾಗ್ ಮಾತ್ರ ಹೋಗೈತಿ.

ಇಲ್ಲಿ ಮಿತಿನೂ ಹೇಳಬೇಕು. ಸಣ್ಣ ಗೀರು, ಕೊಳೆ, ಹಳೇ ಬ್ಯಾಗಿನ ಸವೆತ ಇವಕ್ಕೆಲ್ಲ ಕಂಪನಿ ಏನೂ ಕೊಡೋದಿಲ್ಲ. ಬ್ಯಾಗಿನ ಸ್ವಂತ ದೋಷದಿಂದ ಕೆಟ್ಟಿದ್ದರೆ ಕಾನೂನೂ ಕೊಡ್ರಿ ಅನ್ನೋದಿಲ್ಲ. ಹೋಗುವಾಗ ಚೆಕ್-ಇನ್‌ನಾಗ "ಇದು ಮೊದಲೇ ಒಡೆದೈತಿ, ಒಂದು ಸಹಿ ಹಾಕ್ರಿ" ಅಂತ ಬ್ಯಾರೆ ಟ್ಯಾಗ್ ಕಟ್ಟಿಸಿರ್ತಾರೆ ನೋಡ್ರಿ, ಅದಕ್ಕೆ ಸಹಿ ಹಾಕಿದ್ದರೆ ಇಳಿದಾಗ ನಿಮ್ಮ ವಾದ ಅರ್ಧ ಬಿದ್ದಂಗೇ. ಬ್ಯಾಗ್ ಹಾಕೋ ಮುಂಚೆ ನಾಕು ಕಡೆಯಿಂದ ಫೋಟೋ ಹೊಡೆದಿಟ್ರೆ ಅದು ನಿಮ್ಮ ಸಹಿಗಿಂತ ಗಟ್ಟಿ.

ಭಾಗ 7: ನಂಬರ್ ಬಂತು, ಗಡಿಯಾರ ಶುರುವಾಯ್ತು

ಈ ಭಾಗ ಸೇವ್ ಮಾಡಿ ಇಟ್ಕೊಳ್ರಿ.

ಪಿಐಆರ್ ನಂಬರ್ ಸಾಮಾನ್ಯವಾಗಿ 10 ಅಕ್ಷರ, ಅಂಕಿಗಳದ್ದು. ನೋಡಲಿಕ್ಕೆ ಹಿಂಗ ಇರ್ತದ:

```
BLRXX10427
```

ಮೊದಲ ಮೂರಕ್ಷರ ವರದಿ ಬರೆಸಿದ ನಿಲ್ದಾಣ (BLR ಅಂದ್ರ ಬೆಂಗಳೂರು), ಆಮ್ಯಾಲಿನ ಎರಡು ಕಂಪನಿಯ ಸಂಕೇತ (ಹೆಸರು ಬ್ಯಾಡ ಅಂತ ನಾನು XX ಹಾಕೀನಿ), ಕಡೇ ಐದು ಅಂಕಿ ನಿಮ್ಮ ಕಡತ. ಬರೀ ಟ್ಯಾಗ್ ಸಂಖ್ಯೆಯನ್ನೇ ಮತ್ತೆ ಬರೆದುಕೊಟ್ಟು "ಇದೇ ನಂಬರ್" ಅಂದರೆ ನಂಬಬ್ಯಾಡ್ರಿ. ಅಕ್ಷರಗಳಿಂದ ಶುರುವಾಗೋ ಹಿಂಥ ನಂಬರ್ ಇಲ್ಲ ಅಂದ್ರ ವರದಿ ಇನ್ನೂ ದಾಖಲಾಗಿಲ್ಲ ಅನ್ನೋ ಅನುಮಾನ ಇಟ್ಕೊಳ್ರಿ. ನಂಬರ್ ಮತ್ತು ಮನೆತನದ ಹೆಸರು ಹಾಕಿ ಕಂಪನಿಯ ಜಾಲತಾಣದಾಗ ಬ್ಯಾಗ್ ಎಲ್ಲಿಗೆ ಬಂತು ಅಂತ ನೋಡಬಹುದು. ನಕಲಿನ ಮ್ಯಾಲೆ ಹೆಸರು, ಟ್ಯಾಗ್ ಸಂಖ್ಯೆ, ವಿಳಾಸ ಸರಿ ಅದಾವಾ ಓದಿಯೇ ಹೊರಗ ಬರ್ರಿ.

ಈಗ ಬಾಳ ಮಂದಿಗೆ ಗೊತ್ತಿಲ್ಲದ ಮಾತು. ಪಿಐಆರ್ ಅಂದ್ರ ಬ್ಯಾಗ್ ಹುಡುಕ್ರಿ ಅನ್ನೋ ವರದಿ. ದುಡ್ಡು ಕೊಡ್ರಿ ಅನ್ನೋ ದೂರನ್ನ ಬ್ಯಾರೆ, ಬರವಣಿಗೆಯಾಗ ಕೊಡಬೇಕು. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಐತಿ, ಭಾರತದಾಗ 2009ರಿಂದ ಜಾರಿ. ಅದರ ಪ್ರಕಾರ ಬ್ಯಾಗ್ ಒಡೆದಿದ್ದರೆ ಅದು ಕೈಗೆ ಬಂದ 7 ದಿನದೊಳಗೆ ದೂರು. ತಡವಾಗಿದ್ದರೆ, ತಡವಾದ ಬ್ಯಾಗ್ ಕೈಗೆ ಬಂದ ಮ್ಯಾಲೆ 21 ದಿನದೊಳಗೆ. ಬರಬೇಕಾದ ದಿನದಿಂದ 21 ದಿನ ಕಳೆದರೂ ಬ್ಯಾಗ್ ಬರದಿದ್ದರೆ ಅದನ್ನ ಕಳೆದುಹೋದ ಬ್ಯಾಗ್ ಅಂತಲೇ ಲೆಕ್ಕ ಹಿಡಿದು ಪರಿಹಾರ ಕೇಳಬಹುದು. ಕೋರ್ಟ್ ಮೆಟ್ಟಿಲಿಗೆ 2 ವರ್ಷ.

7 ಮತ್ತು 21. ಇವೆರಡು ತಪ್ಪಿದರೆ ಎಷ್ಟೇ ಚಲೋ ಕಾರಣ ಇದ್ದರೂ ಕಂಪನಿ ಬಾಗಿಲು ಹಾಕ್ತದ. ಫೋನ್‌ನಾಗ ಮಾತಾಡಿದ್ದು ಬರವಣಿಗೆ ಅಲ್ಲ. ಇಮೇಲ್ ಹಾಕ್ರಿ, ವಿಷಯದ ಸಾಲಿನಾಗ ಪಿಐಆರ್ ನಂಬರ್ ಹಾಕ್ರಿ, ಒಳಗ ಏನಾಯ್ತು, ಎಷ್ಟು ನಷ್ಟ, ಏನು ಬೇಕು ಅಂತ ನಾಕು ಸಾಲು, ಜೊತಿಗೆ ಫೋಟೋ ಮತ್ತು ಬಿಲ್. ಹಾಲ್‌ನಾಗ ವರದಿ ಬರೆಸದೇ ಹೊರಗ ಬಂದವರಿಗೂ ಈ ಬಾಗಿಲು ತೆರೆದೇ ಇರ್ತದ. ಒಪ್ಪಂದ ಕೇಳೋದು ಬರವಣಿಗೆಯ ದೂರು. ಆದರೆ ಸಾಕ್ಷಿ ಒದಗಿಸೋ ಕೆಲಸ ದುಪ್ಪಟ್ಟು.

ಭಾಗ 8: ಮಾವನ ಲೆಕ್ಕ, ದಿನದ ಪ್ರಕಾರ

ಮೊದಲನೇ ದಿನ: ಎರಡು ವರದಿ, ಎರಡು ನಂಬರ್, ಎರಡರದೂ ಫೋಟೋ ನನ್ನ ಮೊಬೈಲ್‌ಗೂ ಬಂತು.

ಎರಡನೇ ದಿನ: ನೀಲಿ ಬ್ಯಾಗಿನ ಸೀಳಿನ ಬಗ್ಗೆ ಇಮೇಲ್. 7 ದಿನ ಐತಿ ಅಂತ ಆರನೇ ದಿನದ ತನಕ ಕಾಯಲಿಲ್ಲ.

ಮೂರನೇ, ನಾಕನೇ ದಿನ: ಜಾಲತಾಣದಾಗ ಹುಡುಕಾಟ ನಡೆದೈತಿ ಅಂತ ಒಂದೇ ಮಾತು. ಫೋನ್ ಮಾಡಿದರೆ ಹಾಡು. ನಾಕನೇ ದಿನ ಇಮೇಲ್‌ನಾಗ ಬ್ಯಾಗಿನ ಹಳೇ ಫೋಟೋ ಕಳಿಸಿ, ಗುಲಾಬಿ ಶಾಲಾ ಬ್ಯಾಗ್ ಮತ್ತು ಹಳದಿ ಬಟ್ಟೆ ಗುರುತು ಮತ್ತೊಮ್ಮೆ ಬರೆದೆವು.

ಐದನೇ ದಿನ: ಸಿಕ್ತು. ವಿಮಾನ ಬದಲಿಸಿದ ಊರಿನಾಗ ಟ್ಯಾಗ್ ಹರಿದು ಬಿದ್ದಿತ್ತಂತ. ಒಳಗ ತೆಗೆದು ನೋಡಿ, ಪಟ್ಟಿಗೆ ಹೊಂದಿಸಿ ಗುರುತು ಹಿಡಿದರು. "ಬಟ್ಟೆ" ಅಂತಷ್ಟೇ ಬರೆಸಿದ್ದರೆ ಅದು ಇನ್ನೂ ಅಲ್ಲೇ ಬಿದ್ದಿರ್ತಿತ್ತು.

ಏಳನೇ ದಿನ: ಬೆಂಗಳೂರಿನಿಂದ ಫೋನ್. "ಬ್ಯಾಗ್ ಬಂದಿದೆ, ಬಂದು ತಗೊಂಡು ಹೋಗಿ." ಮಾವ ಫೋನ್‌ನಾಗ ಜಗಳ ಆಡಲಿಲ್ಲ. ಪಿಐಆರ್‌ನಾಗ ನವಲಿ ವಿಳಾಸ ಐತಿ, ನಾನೇ ಬರಬೇಕಂದ್ರ ಬಸ್ ಚಾರ್ಜ್ ಮತ್ತು ಒಂದು ದಿನದ ಕೂಲಿ ನೀವು ಕೊಡ್ರಿ ಅಂತ ಇಮೇಲ್ ಹಾಕಿಸಿದರು. ಮರುದಿನ ಕೊರಿಯರ್‌ಗೆ ಕೊಟ್ಟರು.

ಹತ್ತನೇ ದಿನ: ಕೊರಿಯರ್‌ನವನು ಗಂಗಾವತಿ ತನಕ ತಂದು, ನವಲಿಗೆ ನಮ್ಮ ಗಾಡಿ ಬರೂದಿಲ್ಲ ಅಂದ. ಮಾವ ಹೋಗಿ ತಂದರು, ಬಸ್ ಟಿಕೆಟ್ ಎತ್ತಿಟ್ಟರು. ಸಹಿ ಹಾಕೋ ಮುಂಚೆ ತೆರೆದು ನೋಡಿ, ಬೀಗ ಒಡೆದೈತಿ ಅಂತ ಕೊರಿಯರ್ ಚೀಟಿ ಮ್ಯಾಲೇ ಬರೆದು ಸಹಿ ಹಾಕಿದರು.

ಆಮ್ಯಾಲೆ ತಡದ ದೂರು. ಹತ್ತು ದಿನ ಬಟ್ಟೆ ಇಲ್ಲದ್ದಕ್ಕೆ ಕೊಂಡ ಎರಡು ಜೊತಿ ಅರಿವಿ 1,850 ರೂಪಾಯಿ, ಚಾರ್ಜರ್ 450, ಸೋಪು ಬ್ರಷ್ ಎಲ್ಲಾ ಸೇರಿ 210, ಬಸ್ಸು ಆಟೋ 180. ಒಟ್ಟು 2,690. ಎಲ್ಲದಕ್ಕೂ ಬಿಲ್ ಅಥವಾ ಟಿಕೆಟ್. ಕಂಪನಿಯ ಉತ್ತರ: ಸ್ವಂತ ಊರಿಗೆ ಬಂದವರಿಗೆ ಮಧ್ಯಂತರ ಖರ್ಚು ಕೊಡೋದಿಲ್ಲ, ಮನಿಯಾಗ ಬಟ್ಟೆ ಇರ್ತಾವಲ್ಲ. ಈ ಮಾತು ನಿಮಗೂ ಹೇಳ್ತಾರೆ, ತಯಾರಿರ್ರಿ. ಎರಡು ವರ್ಷ ಹೊರಗಿದ್ದವನ ಮನಿಯಾಗ ಯಾವ ಬಟ್ಟೆ ಇರ್ತಾವ ಅಂತ ನಾವು ಮತ್ತೆ ಬರೆದೆವು. ಕಡೀಗೆ ಖರ್ಚಿಗೆ 1,500, ನೀಲಿ ಬ್ಯಾಗಿಗೆ 2,000 ಬಂತು. ಪೂರ್ತಿ ಬರಲಿಲ್ಲ. ಬಿಲ್ ಇಲ್ಲದಿದ್ದರೆ ಇದೂ ಬರ್ತಿರಲಿಲ್ಲ.

ಭಾಗ 9: ಕಂಪನಿ ಕಿವಿ ಮುಚ್ಚಿಕೊಂಡರೆ

ದೊಡ್ಡ ಮೊತ್ತ ಕೇಳಿ ಕನಸು ಕಾಣಬ್ಯಾಡ್ರಿ ಅಂತ ಮೊದಲೇ ಹೇಳ್ತೀನಿ. ಅಂತರರಾಷ್ಟ್ರೀಯ ಪ್ರಯಾಣದಾಗ ಬ್ಯಾಗಿಗೆ ಒಬ್ಬ ಪ್ರಯಾಣಿಕನಿಗೆ ಗರಿಷ್ಠ 1,519 ಎಸ್‌ಡಿಆರ್, 2024ರ ಡಿಸೆಂಬರ್ 28ರಿಂದ. ಎಸ್‌ಡಿಆರ್ ಅಂದ್ರ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ. ನಮ್ಮ ರೂಪಾಯಿಯಾಗ ಸುಮಾರು 1.8 ಲಕ್ಷ, ದರ ಬದಲಾಗ್ತಿರ್ತದ. ದೇಶದೊಳಗಿನ ಪ್ರಯಾಣಕ್ಕೆ ಮಿತಿ 20,000 ರೂಪಾಯಿ. ಇವು ಮಿತಿ ಮಾತ್ರ. ಕೊಡೋದು ನೀವು ಸಾಬೀತು ಮಾಡಿದ ನಷ್ಟವನ್ನ. ಬಂಗಾರ, ನಗದು, ಲ್ಯಾಪ್‌ಟಾಪ್, ಮಾರ್ಕ್ಸ್ ಕಾರ್ಡ್ ಇವನ್ನ ಆ ಬ್ಯಾಗಿನಾಗ ಹಾಕಲೇಬ್ಯಾಡ್ರಿ.

ಕಂಪನಿ ಉತ್ತರ ಕೊಡದಿದ್ದರೆ ಮೊದಲು ಅವರದೇ ನೋಡಲ್ ಅಧಿಕಾರಿಗೆ ಬರೀರಿ. ಆಮ್ಯಾಲೆ ವಿಮಾನಯಾನ ಸಚಿವಾಲಯದ ಏರ್‌ಸೇವಾ, ಅಲ್ಲಿ ದೂರು ಹಾಕಿದರೆ ಕಂಪನಿ ಉತ್ತರ ಕೊಡಬೇಕಾಗ್ತದ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು.

ಅದೂ ಆಗಲಿಲ್ಲ ಅಂದ್ರ ಗ್ರಾಹಕ ಆಯೋಗ. ಇಲ್ಲಿ ನಮ್ಮ ಕಡೆಯವರಿಗೆ ಒಂದು ಚಲೋ ಸುದ್ದಿ ಐತಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರುದಾರ ಎಲ್ಲಿ ವಾಸ ಮಾಡ್ತಾನೋ ಅಲ್ಲೇ ದೂರು ಹಾಕಬಹುದು. ಅಂದ್ರ ನವಲಿಯವರು ಬೆಂಗಳೂರಿಗೆ ಅಲೆಯೋದು ಬ್ಯಾಡ, ಕೊಪ್ಪಳ ಜಿಲ್ಲಾ ಆಯೋಗ ಸಾಕು. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕಾನೂ ಇಲ್ಲ.

ಕೆಲಸ ಆಗ್ತದಾ? 2021ರ ನವೆಂಬರ್‌ನಾಗ ಬೆಂಗಳೂರಿನ ದಂಪತಿ ರಜಾಕ್ಕಂತ ಪೋರ್ಟ್ ಬ್ಲೇರ್‌ಗೆ ಹೋದರು, ಬ್ಯಾಗ್ ಬೆಂಗಳೂರಿನಾಗೇ ಉಳೀತು. ಅವರು ಇಳಿದ ನಿಲ್ದಾಣದಾಗೇ ವರದಿ ಬರೆಸಿದ್ದರು. ಬ್ಯಾಗ್ ಕೈಸೇರೋದ್ರೊಳಗ ರಜಾದ ದಿನಗಳು ಹಾಳಾಗಿದ್ದವು. ಬೆಂಗಳೂರಿನ ಗ್ರಾಹಕ ಆಯೋಗ ವಿಮಾನ ಕಂಪನಿಗೆ ಒಟ್ಟು 70,000 ರೂಪಾಯಿ ಕೊಡಲಿಕ್ಕೆ ಹೇಳಿತು. ಬ್ಯಾಗ್ ಕಳೆದಿರಲಿಲ್ಲ, ತಡವಾಗಿತ್ತು ಅಷ್ಟೇ. "ಬ್ಯಾಗ್ ಬಂತಲ್ಲ, ಬಿಡ್ರಿ" ಅನ್ನೋರಿಗೆ ಇದೇ ಉತ್ತರ.

ಕಡೇ ಮಾತು ಕಂಪನಿಗಳಿಗೆ ಮತ್ತು ನಿಲ್ದಾಣದವರಿಗೆ. ಕರ್ನಾಟಕದ ನಿಲ್ದಾಣದಾಗ ಇಳಿಯೋ ಕನ್ನಡಿಗನಿಗೆ ಆ ಒಂದು ಪುಟದ ಫಾರಂ ಕನ್ನಡದಾಗ ಕೊಡೋದು ದೊಡ್ಡ ಖರ್ಚಲ್ಲ. ಮಾವನಿಗೆ ಓದಿ ಹೇಳಲಿಕ್ಕೆ ನಾನಿದ್ದೆ. ಅದೇ ವಿಮಾನದಾಗ ಇಳಿದು, ಯಾರೂ ಓದಿ ಹೇಳೋರಿಲ್ಲದೆ, "ಹೋಗಿ ಸರ್" ಅಂದ ಕೂಡಲೇ ಹೋದವರು ಎಷ್ಟು ಮಂದಿ? ಅವರ ಬ್ಯಾಗಿನ ನಷ್ಟ ಯಾವ ಕಡತದಾಗೂ ಇಲ್ಲ, ಯಾಕಂದ್ರ ಅವರಿಗೆ ನಂಬರೇ ಇಲ್ಲ.

ನಿಮ್ಮ ಮನಿಯಾಗ ಯಾರಾದರೂ ಈ ತಿಂಗಳು ವಿಮಾನದಾಗ ಬರೋರಿದ್ದರೆ ಭಾಗ 5 ಮತ್ತು 7 ಅವರಿಗೆ ಕಳಿಸ್ರಿ. ಫಾರಂನಾಗ ಯಾವ ಸಾಲು ತಿಳಿಯಲಿಲ್ಲ ಅಂತ ಕಾಮೆಂಟ್‌ನಾಗ ಕೇಳ್ರಿ, ಗೊತ್ತಿದ್ದಷ್ಟು ಹೇಳ್ತೀನಿ.

#ನವಲಿ #ಕೊಪ್ಪಳ #ಗಂಗಾವತಿ #ಬ್ಯಾಗ್‌ಬರಲಿಲ್ಲ #ನಂಬರ್‌ತಗೊಳ್ರಿ